ಮ್ಯಾನೇಜರಿಗೆ ಬರೆದ ಆಕ್ಷೇಪಣೆ ಪತ್ರ: ಕಳಿಸುವ ಮೊದಲು ಓದಿ ಹೇಳಿ

ವಿನೋಬನಗರ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಇಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಸಿಸಿಟಿವಿಯಲ್ಲಿ ಕಾಣುವ ಮುಖಗಳನ್ನು ಒಂದು ಪಟ್ಟಿಯ ಜೊತೆ ಹೋಲಿಸಿ, ಹೊಂದಿದರೆ ಅಲರ್ಟ್ ಕೊಡುವ ವ್ಯವಸ್ಥೆ ನಮ್ಮದು. ಈಗ ಒಂದು ಜಿಲ್ಲಾ ಕೇಂದ್ರದ ಬಸ್ ನಿಲ್ದಾಣಕ್ಕೆ ಅದನ್ನು ಹಾಕುತ್ತಿದ್ದೇವೆ. ಊರು, ಗಿರಾಕಿ, ಕಂಪನಿ ಯಾವುದರ ಹೆಸರೂ ಹೇಳಲ್ಲ, ದಯವಿಟ್ಟು ಕೇಳಬೇಡಿ.

ಶುರುವಿನಲ್ಲಿ ಎರಡೇ ಪಟ್ಟಿ ಇತ್ತು. ಒಂದು ಜೇಬುಗಳ್ಳರದು, ಇನ್ನೊಂದು ಕಾಣೆಯಾದವರದು. ಹೋದ ತಿಂಗಳು ಮೂರನೇ ಫೋಲ್ಡರ್ ಬಂತು. ತೆಗೆದು ನೋಡಿದರೆ ಧರಣಿ ಕೂತವರ ಫೋಟೋಗಳು. ಪೆಂಡಾಲ್, ಬ್ಯಾನರ್, ನೆಲದ ಮೇಲೆ ಜಮಖಾನ. ಯಾರ ಮೇಲೆ ಏನು ಕೇಸ್ ಅಂತ ಒಂದು ಸಾಲೂ ಇಲ್ಲ. ನಮ್ಮಪ್ಪ ಮಿಲ್ ಮುಚ್ಚಿದಾಗ ಬಾಕಿ ಸಂಬಳಕ್ಕೆ ಅಂತ ಹೀಗೇ ಧರಣಿ ಕೂತವರು. ಇವತ್ತಿಗೂ ಜಯದೇವ ಸರ್ಕಲ್ ಕಡೆ ಹೋದರೆ ಯಾರಾದರೂ ಒಬ್ಬರು ಏನಾದರೂ ಕೇಳಿಕೊಂಡು ಕೂತಿರುತ್ತಾರೆ. ಅವರ ಮುಖ ಜೇಬುಗಳ್ಳರ ಪಕ್ಕದ ಫೋಲ್ಡರ್‌ಗೆ ಹೋಗೋದು ನನಗೆ ಒಪ್ಪಿಗೆಯಿಲ್ಲ.

ಮ್ಯಾನೇಜರಿಗೆ ಪತ್ರ ಬರೆದಿದ್ದೇನೆ. ಕೊನೆಗೆ ಇಂಗ್ಲಿಷ್‌ನಲ್ಲೇ ಕಳಿಸಬೇಕು. ಆದರೆ ಯೋಚನೆ ನೆಟ್ಟಗೆ ಬರೋದು ಕನ್ನಡದಲ್ಲಿ, ಹಾಗಾಗಿ ಮೊದಲು ಹೀಗೆ ಬರೆದೆ. ಇದನ್ನು ಓದಿದರೆ ಮ್ಯಾನೇಜರ್ ಏನಾದರೂ ಮಾಡುತ್ತಾರಾ? ಎಲ್ಲಿ ಸಡಿಲ ಇದೆ ಹೇಳಿ.

> ಸರ್,
>
> ಬಸ್ ನಿಲ್ದಾಣದ ಪ್ರಾಜೆಕ್ಟ್ ಬಗ್ಗೆ ನನ್ನ ಆಕ್ಷೇಪಣೆ ಬರವಣಿಗೆಯಲ್ಲಿ ಇರಲಿ ಅಂತ ಬರೆಯುತ್ತಿದ್ದೇನೆ. ಈಗ ಸರ್ವರ್‌ನಲ್ಲಿರುವ ಸೆಟ್ಟಿಂಗ್ ಹೀಗಿದೆ:

```
match_threshold: 0.38
min_eye_px: 12
alert_label: "CRIMINAL"
delete_nonmatch_after: never
```

> ಮೊದಲ ಸಾಲು, ಅಂದರೆ ಎರಡು ಮುಖ ಒಂದೇ ಅನ್ನೋಕೆ ಬೇಕಾದ ಕನಿಷ್ಠ ಹೋಲಿಕೆ ಅಂಕ, ನಮ್ಮ ಪರೀಕ್ಷೆಯಲ್ಲಿ 0.45 ಇತ್ತು. ಡೆಮೊ ದಿನ ಗಿರಾಕಿಯ ಸಿಬ್ಬಂದಿಯೇ ಕ್ಯಾಮೆರಾ ಮುಂದೆ ನಡೆದರು, ಸಿಸ್ಟಮ್ ಹಿಡಿಯಲಿಲ್ಲ. ಹಿಡಿಯಲಿ ಅಂತ ಸ್ಥಳದಲ್ಲೇ 0.38ಕ್ಕೆ ಇಳಿಸಿದರು. ಮತ್ತೆ ಯಾರೂ ಏರಿಸಿಲ್ಲ. ಮೂರನೇ ಸಾಲಿನಿಂದಾಗಿ ಯಾವ ಪಟ್ಟಿಯ ಮುಖ ಹೊಂದಿದರೂ ಪರದೆ ಮೇಲೆ ಕೆಂಪು ಅಕ್ಷರದಲ್ಲಿ ಅಪರಾಧಿ ಅಂತಲೇ ಬರುತ್ತದೆ. ಕಾಣೆಯಾದ ಮಗು ಸಿಕ್ಕರೂ ಅದೇ ಪದ. ನಾಲ್ಕನೇ ಸಾಲಿನಿಂದಾಗಿ ಪಟ್ಟಿಯಲ್ಲಿ ಇಲ್ಲದವರ ಮುಖದ ದಾಖಲೆಯೂ ಅಳಿಸದೆ ಉಳಿಯುತ್ತದೆ.
>
> ಇದರ ಮೇಲೆ ಈಗ ಧರಣಿ ಕೂತವರ ಪಟ್ಟಿ ಬಂದಿದೆ. ಇಂಥ ತಂತ್ರಜ್ಞಾನ ಜನರ ಖಾಸಗಿತನಕ್ಕೂ ಪ್ರಜಾಪ್ರಭುತ್ವಕ್ಕೂ ಅಪಾಯ. ಜಗತ್ತಿನ ಎಷ್ಟೋ ಕಡೆ ಇದಕ್ಕೆ ವಿರೋಧ ಬಂದಿದೆ. ನಮ್ಮ ಕಂಪನಿ ಈ ಪ್ರಾಜೆಕ್ಟನ್ನು ಕೈಬಿಡಬೇಕು ಅಂತ ಕೇಳಿಕೊಳ್ಳುತ್ತೇನೆ.

ಹೊಳಲ್ಕೆರೆ ಮಂಜ

ಅಣ್ಣಾ, ಕೆಲಸ ಬಿಡೋದಾದರೆ ಮೊದಲು ನೋಟಿಸ್ ಪೀರಿಯಡ್ ಎಷ್ಟಿದೆ ನೋಡಿಕೊಳ್ಳಿ. ನನ್ನ ತಮ್ಮ ಹೇಳದೆ ಬಿಟ್ಟಿದ್ದಕ್ಕೆ ರಿಲೀವಿಂಗ್ ಲೆಟರ್ ಕೊಡದೆ ಸತಾಯಿಸಿದರು. ಪಿ.ಎಫ್. ದುಡ್ಡಿಗೂ ಅಲೆದಾಡಿದ.

ವಿನೋಬನಗರ

ಮಂಜಣ್ಣ, ಬಿಡುವ ಪತ್ರ ಅಲ್ಲ ಇದು. ಅಲ್ಲೇ ಇದ್ದುಕೊಂಡು ಹೇಳಬೇಕು ಅನ್ನೋದು.

ಕೋಟೆ ಹುಡುಗಿ

ಚಿತ್ರದುರ್ಗದವಳು. ಮುಖ ಹೋಲಿಕೆಯ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸದಲ್ಲಿ ಬಹಳ ವರ್ಷ ಇದ್ದೆ. ನಿಮ್ಮ ಪತ್ರದ ಮೊದಲರ್ಧ ಗಟ್ಟಿ ಇದೆ. ಆದರೆ ಮ್ಯಾನೇಜರ್ ಮೊದಲು ಹೇಳುವ ಮಾತು ನನಗೆ ಗೊತ್ತು: "ನಮ್ಮ ಮಾಡೆಲ್ 99.8 ಪರ್ಸೆಂಟ್ ಕರೆಕ್ಟ್." ಅದಕ್ಕೆ ಪತ್ರದಲ್ಲಿ ಉತ್ತರ ಇಲ್ಲ.

ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಿ. ಸಾಮಾನ್ಯವಾಗಿ ಎಲ್‌ಎಫ್‌ಡಬ್ಲ್ಯೂ ಅನ್ನೋ ಹಳೇ ಫೋಟೋ ಸಂಗ್ರಹದಿಂದ. ಅದರಲ್ಲಿ ಇರೋದು 13,233 ಫೋಟೋ, ಬಹುತೇಕ ಪತ್ರಿಕೆಯಲ್ಲಿ ಬಂದ ಪ್ರಸಿದ್ಧರ ಮುಖ. ಎರಡು ಫೋಟೋ ಕೊಟ್ಟು, ಇಬ್ಬರೂ ಒಬ್ಬರೇನಾ ಅಂತ ಕೇಳುವ ಪರೀಕ್ಷೆ ಅದು. ನಿಮ್ಮ ಬಸ್ ನಿಲ್ದಾಣದಲ್ಲಿ ಆಗೋದು ಬೇರೆ. ಅಲ್ಲಿ ಹೋಗೋ ಪ್ರತಿ ಮುಖವನ್ನೂ ಪಟ್ಟಿಯ ಪ್ರತಿ ಮುಖದ ಜೊತೆ ಹೋಲಿಸುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 30,000 ಜನ ಓಡಾಡುತ್ತಾರೆ, ಪಟ್ಟಿಯಲ್ಲಿ 400 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ ದಿನಕ್ಕೆ 1 ಕೋಟಿ 20 ಲಕ್ಷ ಹೋಲಿಕೆ. ಹತ್ತು ಲಕ್ಷ ಹೋಲಿಕೆಗೆ ಒಂದೇ ಒಂದು ತಪ್ಪು ಅಂದುಕೊಳ್ಳಿ. ಕೇಳೋಕೆ ತುಂಬಾ ಚೆನ್ನಾಗಿದೆ ಅಲ್ವಾ? ಆದರೂ ದಿನಕ್ಕೆ 12 ಅಮಾಯಕರ ಮೇಲೆ ಅಲರ್ಟ್ ಬರುತ್ತದೆ. ಅದೇ ದಿನ ಪಟ್ಟಿಯಲ್ಲಿರುವವರು ನಿಜವಾಗಿ ಎಷ್ಟು ಜನ ಬಂದಾರು? ಒಬ್ಬರೋ ಇಬ್ಬರೋ. ಅವರಲ್ಲೂ ಕೆಲವರು ತಪ್ಪಿಸಿಕೊಳ್ಳುತ್ತಾರೆ. ಅಂದರೆ ಹತ್ತು ಅಲರ್ಟ್‌ನಲ್ಲಿ ಒಂಬತ್ತು ಸುಳ್ಳು.

ಈಗ ಡೆಮೊಗೋಸ್ಕರ ಮಿತಿ ಇಳಿಸಿದ್ದರಿಂದ ತಪ್ಪು ಒಂದು ಲಕ್ಷಕ್ಕೆ ಒಂದು ಆಯಿತು ಅಂತ ಇಟ್ಟುಕೊಳ್ಳಿ. ದಿನಕ್ಕೆ 120 ಸುಳ್ಳು ಅಲರ್ಟ್. ಧರಣಿಯವರನ್ನೆಲ್ಲ ಸೇರಿಸಿ ಪಟ್ಟಿ 4,000ಕ್ಕೆ ಬೆಳೆದರೆ 1,200. ಪಟ್ಟಿ ಬೆಳೆದಷ್ಟೂ ತಪ್ಪೂ ಬೆಳೆಯುತ್ತದೆ ಅನ್ನೋದು ಪಟ್ಟಿಗೆ ಹೆಸರು ಸೇರಿಸುವವರಿಗೆ ಗೊತ್ತೇ ಇರಲ್ಲ.

ಇನ್ನೊಂದು ಪ್ರಶ್ನೆ. ಎರಡು ಕಣ್ಣುಗಳ ನಡುವೆ 12 ಪಿಕ್ಸೆಲ್ ಇದ್ದರೂ ಸಾಕು ಅನ್ನೋ `min_eye_px: 12` ಯಾಕಿದೆ? ಕ್ಯಾಮೆರಾ ಎಷ್ಟು ಅಗಲದ ಜಾಗ ನೋಡುತ್ತದೆ?

ವಿನೋಬನಗರ

ಮೇಡಂ, ಹಳೇ ಕ್ಯಾಮೆರಾಗಳೇ. ಅಡ್ಡಕ್ಕೆ 1920 ಪಿಕ್ಸೆಲ್. ಪ್ಲಾಟ್‌ಫಾರ್ಮ್ ಚಾವಣಿಯ ಕಂಬದ ಮೇಲೆ ಕೂರಿಸಿದ್ದಾರೆ, ಸುಮಾರು 10 ಮೀಟರ್ ಅಗಲ ಕಾಣುತ್ತದೆ. ಮೊದಲು ಆ ಸಾಲು 40 ಇತ್ತು. 40 ಇದ್ದರೆ ಒಂದು ಮುಖವೂ ಒಳಗೆ ಬರುತ್ತಿರಲಿಲ್ಲ, ಅದಕ್ಕೇ ಇಳಿಸಿದರು.

ಕೋಟೆ ಹುಡುಗಿ

ಹಾಗಾದರೆ ಲೆಕ್ಕ ಸರಿಯಾಗಿ ಕೂಡುತ್ತದೆ. 1920 ಪಿಕ್ಸೆಲನ್ನು 10 ಮೀಟರಿಗೆ ಹಂಚಿದರೆ ಮೀಟರಿಗೆ 192. ಮನುಷ್ಯನ ಎರಡು ಕಣ್ಣುಗಳ ನಡುವೆ ಸುಮಾರು 6.3 ಸೆಂಟಿಮೀಟರ್. ಅಂದರೆ ಚಿತ್ರದಲ್ಲಿ ಎರಡು ಕಣ್ಣುಗಳ ನಡುವೆ ಬರೀ 12 ಪಿಕ್ಸೆಲ್. ಮೂಗು, ತುಟಿ ಎಲ್ಲ ಸೇರಿ ಇಡೀ ಮುಖ ಒಂದು ಬೆರಳಚ್ಚಿನಷ್ಟು ಮಸುಕು. ಮೇಲಿನಿಂದ ನೋಡುವ ಕ್ಯಾಮೆರಾ ಬೇರೆ. ಹಣೆ ದೊಡ್ಡದಾಗಿ ಕಾಣುತ್ತದೆ, ಗಲ್ಲ ಕಾಣಲ್ಲ. ತಲೆ ಮೇಲೆ ಸೆರಗು, ಟವೆಲ್ ಇದ್ದರೆ ಇನ್ನೂ ಕಷ್ಟ. ಇಂಥ ಮುಖಗಳು ಒಂದರಂತೆ ಇನ್ನೊಂದು ಕಾಣತೊಡಗುತ್ತವೆ. ಆಗ ಹೋಲಿಕೆಯ ಅಂಕ ಏರೋದು ಮುಖ ಹೊಂದಿದ್ದಕ್ಕಲ್ಲ, ಎರಡೂ ಮಸುಕಾಗಿರೋದಕ್ಕೆ.

ಸರಿಯಾದ ಕೆಲಸ ಅಂದರೆ 3 ಮೀಟರ್ ಅಗಲದ ಗೇಟ್ ಹತ್ತಿರ ಮುಖದ ಎತ್ತರಕ್ಕೆ ಕ್ಯಾಮೆರಾ ಇಡೋದು. ಅಲ್ಲಿ 40 ಪಿಕ್ಸೆಲ್ ಸಿಗುತ್ತದೆ. ಕ್ಯಾಮೆರಾ ಬದಲಾಯಿಸೋಕೆ ದುಡ್ಡು ಬೇಕು, ಸೆಟ್ಟಿಂಗ್ ಬದಲಾಯಿಸೋಕೆ ಬೇಡ. ನಿಮ್ಮಲ್ಲಿ ಆಗಿರೋದು ಅದೇ.

ಪಿ.ಜೆ. ಬಡಾವಣೆ

ಇಷ್ಟೆಲ್ಲ ಲೆಕ್ಕ ಯಾಕೆ ಬೇಕು? 2023ರಲ್ಲಿ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದೆ. ಒಪ್ಪಿಗೆ ಇಲ್ಲದೆ ಯಾರ ಮಾಹಿತಿಯನ್ನೂ ತಗೊಳ್ಳೋ ಹಾಗಿಲ್ಲ. ಬಸ್ ನಿಲ್ದಾಣದಲ್ಲಿ ಯಾರು ಒಪ್ಪಿಗೆ ಕೊಟ್ಟಿದ್ದಾರೆ? ಸೀದಾ ಕಾನೂನುಬಾಹಿರ. ಪತ್ರದಲ್ಲಿ ಎರಡೇ ಸಾಲು ಬರೆಯಿರಿ, ಪ್ರಾಜೆಕ್ಟ್ ಅಲ್ಲೇ ನಿಲ್ಲುತ್ತದೆ. ಗೂಗಲ್‌ನಲ್ಲೂ 2018ರಲ್ಲಿ ಎಂಜಿನಿಯರ್‌ಗಳು ಒಂದು ಪತ್ರ ಬರೆದೇ ಸೇನೆಯ ಡ್ರೋನ್ ಪ್ರಾಜೆಕ್ಟ್ ನಿಲ್ಲಿಸಿದರು.

ಹರಿಹರದ ವಕೀಲ

ಪಿ.ಜೆ. ಬಡಾವಣೆಯವರೇ, ಅಷ್ಟು ಸುಲಭ ಇಲ್ಲ. ಆ ಕಾಯ್ದೆಯಲ್ಲಿ ಒಪ್ಪಿಗೆ ಮುಖ್ಯ ಅನ್ನೋದು ನಿಜ. ಆದರೆ ಒಪ್ಪಿಗೆ ಇಲ್ಲದೆಯೂ ಬಳಸಬಹುದಾದ ಸಂದರ್ಭಗಳನ್ನು 7ನೇ ಸೆಕ್ಷನ್ ಹೇಳುತ್ತದೆ. 17ನೇ ಸೆಕ್ಷನ್ ಪ್ರಕಾರ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ಸರ್ಕಾರದ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ವಿನಾಯಿತಿಯನ್ನೂ ಕೊಡಬಹುದು. ಎಂಜಿನಿಯರ್ ಒಬ್ಬರು "ಇದು ಕಾನೂನುಬಾಹಿರ" ಅಂತ ಬರೆದರೆ ಕಂಪನಿಯ ವಕೀಲರು ಈ ಎರಡು ಸೆಕ್ಷನ್ ತೋರಿಸಿ ಪತ್ರ ಮುಚ್ಚಿಬಿಡುತ್ತಾರೆ. ಗೊತ್ತಿಲ್ಲದ್ದನ್ನು ಹೇಳಿದ ಅಂತ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಗಟ್ಟಿ ನೆಲ ಬೇರೆ ಕಡೆ ಇದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ಕೇಸ್ ಹಾಕಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಆ ಹಕ್ಕಿಗೆ ಕೈ ಹಾಕಬೇಕಾದರೆ ಅದಕ್ಕೆ ಒಂದು ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಮಾಡಬೇಕು. ಮುಖ ಗುರುತಿಸುವುದಕ್ಕೆ ಅಂತಲೇ ಮಾಡಿದ ಕಾನೂನು ನಮ್ಮಲ್ಲಿ ಇಲ್ಲ. ಹೈದರಾಬಾದಿನ ಒಬ್ಬ ಸಾಮಾಜಿಕ ಕಾರ್ಯಕರ್ತರು ಈ ವಿಷಯಕ್ಕೇ ತೆಲಂಗಾಣ ಹೈಕೋರ್ಟಿಗೆ ಹೋಗಿದ್ದಾರೆ.

ಅದಕ್ಕೇ ಪತ್ರದಲ್ಲಿ ತೀರ್ಪು ಕೊಡಬೇಡಿ, ಪ್ರಶ್ನೆ ಕೇಳಿ. "ಈ ಮೂರನೇ ಪಟ್ಟಿಯನ್ನು ಯಾವ ಆದೇಶದ ಮೇಲೆ ಕೊಟ್ಟಿದ್ದಾರೆ? ಆದೇಶದ ಪ್ರತಿ ನಮ್ಮ ಹತ್ತಿರ ಇದೆಯಾ?" ಶಾಂತಿಯಿಂದ, ನಿರಾಯುಧರಾಗಿ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಅದರ ಫೋಟೋ ತೆಗೆದು ಪಟ್ಟಿ ಮಾಡಿದವರು ಕಾರಣ ಬರೆದು ಕೊಡಲಿ.

ಗೂಗಲ್ ಪತ್ರಕ್ಕೆ ಸಾವಿರಾರು ಜನ ಸಹಿ ಹಾಕಿದ್ದರು. ಕಂಪನಿ ಆ ಒಪ್ಪಂದವನ್ನು ಮುಂದೆ ನವೀಕರಿಸಲಿಲ್ಲ, ನಡುವೆ ನಿಲ್ಲಿಸಲಿಲ್ಲ. ಇಲ್ಲಿ ಇವರು ಒಬ್ಬರೇ.

ಚಳ್ಳಕೆರೆ ಟೀಚರ್

ನಾನು ಅಂಗನವಾಡಿ ಟೀಚರ್. ನಮಗೂ ಈ ಮುಖದ ಕಾಟ ಇದೆ. ಬಾಣಂತಿಯರಿಗೆ ಮನೆಗೆ ಆಹಾರ ಕೊಡಬೇಕಾದರೆ ಮೊಬೈಲ್ ಮುಂದೆ ಮುಖ ತೋರಿಸಬೇಕು. ಹೋದ ವಾರ ಒಬ್ಬ ತಾಯಿ ಬಂದಳು. ಆಧಾರ್ ಫೋಟೋ ಮದುವೆಗೆ ಮುಂಚಿನದು. ಈಗ ರಕ್ತ ಇಲ್ಲದೆ ಮುಖ ಬತ್ತಿಹೋಗಿದೆ. ಬಾಗಿಲ ಹತ್ತಿರ ನಿಲ್ಲಿಸಿದೆ, ಬಿಸಿಲಿಗೆ ಕರೆದುಕೊಂಡು ಹೋದೆ, ಸೆರಗು ಸರಿಸು ಅಂದೆ. ಆಪ್ ಒಪ್ಪಲೇ ಇಲ್ಲ. ಯಾರಿಗೆ ಆಹಾರ ಜಾಸ್ತಿ ಬೇಕೋ ಅವಳ ಮುಖವನ್ನೇ ಅದು ಒಪ್ಪಲ್ಲ. ನಿಮ್ಮ ಸಿಸ್ಟಮ್ ಸುಮ್ನೆ ಯಾರನ್ನೋ ಹಿಡಿಯುತ್ತೆ ಅಂತೀರಿ, ನಮ್ಮದು ಯಾರನ್ನೂ ಹಿಡಿಯಲ್ಲ. ಒಂದೇ ಯಂತ್ರ ಎರಡು ಥರ ಹೇಗೆ?

ಕೋಟೆ ಹುಡುಗಿ

ಅಕ್ಕ, ತುಂಬಾ ಒಳ್ಳೇ ಪ್ರಶ್ನೆ. ನಿಮ್ಮಲ್ಲಿ ಯಂತ್ರ ಕೇಳೋದು "ಇವಳು ಅವಳೇನಾ?" ಅಂತ. ಅಲ್ಲಿ ತಪ್ಪಾದರೆ ನಿಜವಾದವಳನ್ನೇ ಅಲ್ಲ ಅನ್ನುತ್ತದೆ. ಇವರಲ್ಲಿ ಕೇಳೋದು "ಈ 400 ಜನರಲ್ಲಿ ಇವನು ಯಾರು?" ಅಂತ. ಅಲ್ಲಿ ತಪ್ಪಾದರೆ ಯಾರನ್ನೋ ಇನ್ಯಾರೋ ಅನ್ನುತ್ತದೆ. ಎರಡಕ್ಕೂ ಒಂದೇ ಮಿತಿ ಅಂಕ ಕಾರಣ. ಅದನ್ನು ಏರಿಸಿದರೆ ನಿಮ್ಮ ಬಾಣಂತಿಯಂಥವರು ಜಾಸ್ತಿ ಹೊರಗೆ ಉಳಿಯುತ್ತಾರೆ. ಇಳಿಸಿದರೆ ಅಮಾಯಕರು ಜಾಸ್ತಿ ಸಿಕ್ಕಿಬೀಳುತ್ತಾರೆ. ಎರಡೂ ತಪ್ಪು ಇಲ್ಲದ ಅಂಕ ಅಂತ ಒಂದು ಇಲ್ಲ. ಯಾವ ತಪ್ಪಿಗೆ ಯಾರು ಬೆಲೆ ತೆರಬೇಕು ಅಂತ ಯಾರೋ ಒಬ್ಬರು ನಿರ್ಧರಿಸುತ್ತಾರೆ. ನಿಮ್ಮಲ್ಲಿ ಆಪ್ ಮಾಡಿದವರು, ಇವರಲ್ಲಿ ಡೆಮೊ ದಿನ ಲ್ಯಾಪ್‌ಟಾಪ್ ಮುಂದೆ ಇದ್ದವರು.

ತಪ್ಪು ಎಲ್ಲರ ಮೇಲೂ ಸಮವಾಗಿ ಬೀಳಲ್ಲ. ಅಳತೆ, ಮಾನದಂಡ ನೋಡಿಕೊಳ್ಳುವ ಅಮೆರಿಕ ಸರ್ಕಾರದ ಎನ್‌ಐಎಸ್‌ಟಿ ಸಂಸ್ಥೆ 2019ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಗಂಡಸರಿಗಿಂತ ಹೆಂಗಸರನ್ನು ಬೇರೆ ಯಾರೋ ಅಂತ ತಪ್ಪಾಗಿ ಹೊಂದಿಸೋದು ಹೆಚ್ಚು ಅಂತ ಬಂತು. ವಯಸ್ಸಾದವರು, ಮಕ್ಕಳಲ್ಲೂ ಹೆಚ್ಚು.

ಮಂಡಕ್ಕಿ ಭಟ್ಟಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಸ್ ನಿಲ್ದಾಣದ ಹತ್ತಿರ ನನ್ನ ಅಂಗಡಿ ಇದೆ. ಹಳ್ಳಿಯಿಂದ ಆಸ್ಪತ್ರೆಗೆ ಅಂತ ಬಂದ ಹೆಂಗಸು ಬ್ಲೌಸಿನಲ್ಲಿ ಇಟ್ಟುಕೊಂಡಿದ್ದ ದುಡ್ಡು ಕಳಕೊಂಡು ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತು ಅತ್ತಿದ್ದನ್ನು ನೋಡಿದ್ದೇನೆ. ದುಗ್ಗಮ್ಮನ ಜಾತ್ರೆ ಬಂದರೆ ಸರ ಕಿತ್ತುಕೊಂಡು ಹೋಗೋರು, ಕಳೆದುಹೋದ ಮಕ್ಕಳು. ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಹೋಗುತ್ತೆ. 12 ಜನರನ್ನು ನಿಲ್ಲಿಸಿ ಕೇಳಿ, ಅಲ್ಲ ಅಂತ ಗೊತ್ತಾದರೆ ಬಿಟ್ಟರಾಯಿತು. ಒಬ್ಬ ಕಳ್ಳ ಸಿಕ್ಕರೂ ಲಾಭ ಅಲ್ವಾ?

ವಿನೋಬನಗರ

ಅಣ್ಣ, ಬೇಜಾರಿಲ್ಲ. ನೀವು ಹೇಳಿದ ಹೆಂಗಸಿಗೋಸ್ಕರವೇ ನಾನು ಈ ಪ್ರಾಜೆಕ್ಟ್‌ಗೆ ಸೇರಿದ್ದು. ಕಳೆದುಹೋದ ಮಗುವನ್ನು ಹುಡುಕೋದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ತಾಯಿಯೇ ಫೋಟೋ ಕೊಡುತ್ತಾಳೆ, ಮಗು ಸಿಕ್ಕ ಕೂಡಲೇ ಅಳಿಸಬಹುದು, ತಪ್ಪಾಗಿ ಹೊಂದಿದರೂ ಯಾರಿಗೂ ಏಟು ಬೀಳಲ್ಲ.

ಆದರೆ "ನಿಲ್ಲಿಸಿ ಕೇಳಿ ಬಿಟ್ಟರಾಯಿತು" ಅನ್ನೋದು ನನಗೂ ನಿಮಗೂ ಸುಲಭ. ಗಾರೆ ಕೆಲಸಕ್ಕೆ ಹೋಗುವ ಹುಡುಗನಿಗೆ ಬೆಳಗಿನ ಬಸ್ ತಪ್ಪಿದರೆ ಆ ದಿನದ ಕೂಲಿ ಹೋಯಿತು. ಪರದೆ ಮೇಲೆ ಮೊದಲೇ ಅಪರಾಧಿ ಅಂತ ಕೆಂಪಗೆ ಬರೆದಿರುತ್ತದೆ. ಅದನ್ನು ನೋಡಿ ಬಂದವರು ಅವನ ಹತ್ತಿರ ಹೇಗೆ ಮಾತಾಡುತ್ತಾರೆ?

ಕೋಟೆ ಹುಡುಗಿ

ಬಿಟ್ಟುಬಿಡೋದು ಯಾವಾಗಲೂ ಆಗಲ್ಲ. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಅಂಗಡಿಯೊಂದರ ಮಸುಕು ಸಿಸಿಟಿವಿ ಚಿತ್ರಕ್ಕೆ ಒಬ್ಬ ಕಪ್ಪು ವರ್ಣದ ವ್ಯಕ್ತಿಯ ಮುಖ ಹೊಂದಿತು ಅಂತ, ಹೆಂಡತಿ ಮಕ್ಕಳ ಎದುರೇ ಮನೆ ಮುಂದೆ ಬಂಧಿಸಿದರು. ಅವನು ಕದ್ದಿರಲಿಲ್ಲ. ಬರೀ ಮುಖದ ಹೋಲಿಕೆಯ ಮೇಲೆ ಬಂಧಿಸಲ್ಲ ಅಂತ ಅಲ್ಲಿನ ಪೊಲೀಸರು ಒಪ್ಪಿಕೊಳ್ಳೋಕೆ 2024ರವರೆಗೆ ಕಾಯಬೇಕಾಯಿತು.

ನಮ್ಮಲ್ಲೂ ನೋಡಿ. 80 ಪರ್ಸೆಂಟ್ ಹೋಲಿಕೆ ದಾಟಿದರೆ ಅದನ್ನು ಹೊಂದಿದ ಹಾಗೇ ಲೆಕ್ಕ ಹಾಕುತ್ತೇವೆ ಅಂತ ದೆಹಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಟ್ಟರು. ಆ 80 ಅಂದರೆ ಅವನೇ ಆಗಿರುವ ಸಾಧ್ಯತೆ 80 ಅಂತ ಅಲ್ಲ. ಅದು ಆ ಸಾಫ್ಟ್‌ವೇರ್ ಒಳಗಿನ ಒಂದು ಅಂಕ ಅಷ್ಟೇ. 2018ರಲ್ಲಿ ಅಮೆರಿಕದ ನಾಗರಿಕ ಹಕ್ಕು ಸಂಘಟನೆಯೊಂದು ಅಮೆಜಾನ್ ಸಾಫ್ಟ್‌ವೇರನ್ನು 80ರ ಮಿತಿಯಲ್ಲೇ ಓಡಿಸಿತು. ಅಲ್ಲಿನ ಸಂಸತ್ತಿನ 28 ಸದಸ್ಯರು ಬಂಧಿತರ ಫೋಟೋಗಳಿಗೆ ಹೊಂದಿದರು. ಆಮೇಲೆ ಕಂಪನಿ, ಪೊಲೀಸ್ ಕೆಲಸಕ್ಕೆ 99 ಇಡಬೇಕು ಅಂತು.

ಮಂಡಕ್ಕಿ ಭಟ್ಟಿ

ಸಂಸತ್ ಸದಸ್ಯರಿಗೇ ಹಾಗಾದರೆ ನಮ್ಮ ಗತಿ ಏನು ಅನ್ನೋದು ಅರ್ಥ ಆಯಿತು. ಆದರೂ ಕಳ್ಳರ ಪಟ್ಟಿ ಬೇಕು ಅನ್ನೋದು ನನ್ನ ಮಾತು. ಧರಣಿಯವರದು ಬೇಡ.

ಕೆ.ಬಿ. ಬಡಾವಣೆ

ನಾನೂ ಒಂದು ಕಂಪನಿಯಲ್ಲಿ ಮ್ಯಾನೇಜರ್. ನನ್ನ ಕೈಗೆ ಈ ಪತ್ರ ಬಂದರೆ ಏನಾಗುತ್ತದೆ ಹೇಳುತ್ತೇನೆ. ಕೊನೆಯ ಪ್ಯಾರಾ ಓದಿದ ಕೂಡಲೇ ಕೈಚೆಲ್ಲುತ್ತೇನೆ. ಪ್ರಾಜೆಕ್ಟ್ ಕೈಬಿಡುವ ಅಧಿಕಾರ ನನಗಿಲ್ಲ. "ನಿನ್ನ ಭಾವನೆ ಅರ್ಥ ಆಗುತ್ತೆ" ಅಂತ ಹೇಳಿ ಟೀ ಕುಡಿಸಿ ಕಳಿಸುತ್ತೇನೆ.

ಆದರೆ ಮಿತಿ ಅಂಕ ಬದಲಾಯಿಸೋದು ನನ್ನ ಕೈಯಲ್ಲಿದೆ. ಅಲರ್ಟ್‌ನ ಪದ ಬದಲಾಯಿಸೋದು, ಅಳಿಸುವ ಅವಧಿ ಹಾಕೋದು, ಹೊಸ ಪಟ್ಟಿಗೆ ಆದೇಶದ ಪ್ರತಿ ಕೇಳೋದು ಎಲ್ಲ ಆಗುತ್ತದೆ. ನಾನು ಆಗಲ್ಲ ಅಂದರೆ, ಯಾಕೆ ಅಂತ ನಾನೇ ಬರೆದು ಸಹಿ ಹಾಕಬೇಕಾಗುತ್ತದೆ. ಅದು ನನಗೆ ಬಿಸಿ. ಹಾಗಾಗಿ ಪ್ರತಿ ಬೇಡಿಕೆಯ ಮುಂದೆ "ಇದನ್ನು ಯಾರು ತೀರ್ಮಾನಿಸುತ್ತಾರೆ, ಯಾವಾಗ" ಅಂತ ಕೇಳಿ. ಪತ್ರ ನನ್ನ ಬಾಸ್‌ಗೆ ಹಾಗೇ ಫಾರ್ವರ್ಡ್ ಮಾಡುವ ಥರ ಇರಲಿ. ನನ್ನನ್ನು ಕೆಟ್ಟವನು ಅಂತ ತೋರಿಸುವ ಸಾಲು ಇದ್ದರೆ ನಾನು ಫಾರ್ವರ್ಡ್ ಮಾಡಲ್ಲ.

ಹರಿಹರದ ವಕೀಲ

ಇವರ ಮಾತಿಗೆ ಒಂದು ಸೇರಿಸುತ್ತೇನೆ. ಆಫೀಸ್ ಮೇಲ್‌ನಲ್ಲೇ ಕಳಿಸಿ. ಸೆಟ್ಟಿಂಗ್ ಫೈಲ್, ಫೋಟೋ ಯಾವುದನ್ನೂ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಹಾಗೆ ಮಾಡಿದರೆ ಚರ್ಚೆ ನಿಮ್ಮ ಆಕ್ಷೇಪಣೆ ಬಿಟ್ಟು ನಿಮ್ಮ ಮೇಲೆ ತಿರುಗುತ್ತದೆ. ಇಲ್ಲಿ ಹಾಕಿದ ಆ ನಾಲ್ಕು ಸಾಲು ಕೂಡ ಇರಬಾರದಿತ್ತು. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು, ಬ್ಯಾಂಕಿನಿಂದ 50 ಕೋಟಿಗಿಂತ ಜಾಸ್ತಿ ಸಾಲ ಮಾಡಿರುವಂಥ ಕಂಪನಿಗಳು ದೂರು ಹೇಳೋಕೆ ಒಂದು ದಾರಿ ಇಡಬೇಕು. ನಿಮ್ಮದು ಸಣ್ಣ ಕಂಪನಿ ಅಂದಿರಿ, ಅಂಥದ್ದು ಇಲ್ಲದೇ ಇರಬಹುದು. ಎಚ್‌ಆರ್‌ನಲ್ಲಿ ಕೇಳಿ ನೋಡಿ.

ವಿನೋಬನಗರ

ವಕೀಲ ಸರ್, ಇಲ್ಲಿ ಹಾಕಿದ ಸಾಲುಗಳ ಹೆಸರು, ಅಂಕಿ ಎರಡೂ ಬದಲಾಯಿಸಿಯೇ ಹಾಕಿರೋದು. ಪಟ್ಟಿಯ ಹೆಸರೂ ಅಷ್ಟೇ.

ಮೇಡಂಗೆ ಒಂದು ಪ್ರಶ್ನೆ. ಅಳಿಸದೆ ಇಡುವ ವಿಷಯ ಎತ್ತಿದಾಗಲೆಲ್ಲ ಮ್ಯಾನೇಜರ್ "ನಾವು ಫೋಟೋ ಇಟ್ಟುಕೊಳ್ಳಲ್ಲ, ಮುಖಕ್ಕೆ 512 ಅಂಕಿ ಅಷ್ಟೇ ಇಡ್ತೀವಿ, ಅದರಿಂದ ಯಾರಿಗೇನು" ಅನ್ನುತ್ತಾರೆ. ಏನು ಹೇಳಲಿ?

ಕೋಟೆ ಹುಡುಗಿ

ಯಂತ್ರ ಮುಖಗಳನ್ನು ಹೋಲಿಸೋದೇ ಆ 512 ಅಂಕಿಯಿಂದ, ಹುಡುಕೋಕೆ ಬೇಕಾಗಿರೋದೂ ಅದೇ. ಫೋಟೋ ಬೇಕಾಗಿಯೇ ಇಲ್ಲ. ನಾಳೆ ಯಾರಾದರೂ ನಿಮ್ಮ ಒಂದು ಫೋಟೋ ಹಾಕಿ ಹುಡುಕು ಅಂದರೆ, ನೀವು ಯಾವ ದಿನ, ಎಷ್ಟು ಗಂಟೆಗೆ, ಯಾವ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿದ್ದಿರಿ ಅಂತ ಹಿಂದಿನದೆಲ್ಲ ಬರುತ್ತದೆ. ಇವತ್ತು ಯಾವ ಪಟ್ಟಿಯಲ್ಲೂ ಇಲ್ಲದವರಿಗೂ ಅದೇ. ಧರಣಿ ಪಟ್ಟಿಗಿಂತ ನನಗೆ ಇದೇ ಜಾಸ್ತಿ ಭಯ. ಪಟ್ಟಿ ತೆಗೆಯಬಹುದು. ಇದು ಉಳಿದರೆ ನಾಳೆ ಯಾವ ಪಟ್ಟಿಯನ್ನಾದರೂ ಹಿಂದಕ್ಕೆ ಓಡಿಸಬಹುದು. ಹೊಂದದ ಮುಖದ ಅಂಕಿಗಳು ಹೋಲಿಕೆ ಮುಗಿದ ಕೂಡಲೇ, ಡಿಸ್ಕ್‌ಗೆ ಹೋಗೋ ಮೊದಲೇ ಅಳಿಯಬೇಕು ಅಂತ ಬರೆಯಿರಿ.

ಮಿತಿ ಅಂಕದ ಬಗ್ಗೆಯೂ "ಏರಿಸಿ" ಅಂತ ಬರೀಬೇಡಿ, "ಅಳೆಯಿರಿ" ಅಂತ ಬರೆಯಿರಿ. 0.45 ಸರಿ ಅಂತ ಯಾರಿಗೆ ಗೊತ್ತು? ಆ ಅಂಕ ಮಾಡೆಲಿಂದ ಮಾಡೆಲಿಗೆ, ಕ್ಯಾಮೆರಾದಿಂದ ಕ್ಯಾಮೆರಾಗೆ ಬದಲಾಗುತ್ತದೆ. ಅಳೆಯೋಕೆ ಸುಲಭದ ದಾರಿ ಇದೆ. ನಿಜವಾದ ಪಟ್ಟಿ ತೆಗೆದಿಡಿ. ಆ ವಾರ ಆ ಊರಿಗೆ ಹೋಗದ ಜನರ ಫೋಟೋ ಹಾಕಿ. ನಿಮ್ಮ ಬೆಂಗಳೂರು ಆಫೀಸಿನವರು ಒಪ್ಪಿ ಕೊಟ್ಟರೆ ಅವರದೇ ಆಗುತ್ತದೆ. ಒಂದು ವಾರ ಓಡಿಸಿ, ಯಾರನ್ನೂ ನಿಲ್ಲಿಸಬೇಡಿ, ಬರೀ ಎಣಿಸಿ. ಪಟ್ಟಿಯವರು ಯಾರೂ ಅಲ್ಲಿ ಇಲ್ಲದ ಮೇಲೆ ಬಂದ ಪ್ರತಿ ಅಲರ್ಟೂ ಸುಳ್ಳು. ಅದಕ್ಕೆ ವಾದವೇ ಬೇಡ. ಎಣಿಸಿ ಆದ ಮೇಲೆ ಆ ಚಿತ್ರಗಳನ್ನೂ ಅಳಿಸಿ.

ವಿನೋಬನಗರ

ಎಲ್ಲರ ಮಾತೂ ಇಟ್ಟುಕೊಂಡು ಕೊನೆಯ ಭಾಗ ಮತ್ತೆ ಬರೆದೆ. ಸೆಟ್ಟಿಂಗ್ ಬಗ್ಗೆ ಬರೆದ ಭಾಗದಲ್ಲಿ ಪಿಕ್ಸೆಲ್ ಲೆಕ್ಕ, ಹೋಲಿಕೆಗಳ ಲೆಕ್ಕ ಸೇರಿಸಿದ್ದೇನೆ. ಪ್ರಜಾಪ್ರಭುತ್ವದ ಸಾಲು ತೆಗೆದೆ. ಈಗ ಹೀಗಿದೆ:

> ಸರ್, ಈ ಕೆಳಗಿನವು ಆಗುವವರೆಗೆ ಸಿಸ್ಟಮ್ ನಿಜವಾದ ಅಲರ್ಟ್ ಕೊಡಬಾರದು ಅಂತ ನನ್ನ ಕೋರಿಕೆ. ಒಂದು ವಾರ ಆಫೀಸಿನವರ ಫೋಟೋ ಪಟ್ಟಿ ಹಾಕಿ ಸುಳ್ಳು ಅಲರ್ಟ್ ಎಣಿಸಬೇಕು. ಆ ಸಂಖ್ಯೆಯನ್ನು ಗಿರಾಕಿಗೆ ಬರವಣಿಗೆಯಲ್ಲಿ ಕೊಟ್ಟು, ಇಷ್ಟು ತಪ್ಪು ನಮಗೆ ಒಪ್ಪಿಗೆ ಅಂತ ಅವರಿಂದ ಸಹಿ ಪಡೆಯಬೇಕು. ಅಲರ್ಟ್‌ನಲ್ಲಿ "ಪರಿಶೀಲಿಸಬೇಕು" ಅಂತ ಮಾತ್ರ ಇರಬೇಕು. ಹೊಂದದ ಮುಖಗಳ ಅಂಕಿಗಳು ಡಿಸ್ಕ್‌ಗೆ ಹೋಗಬಾರದು. ಪಟ್ಟಿಗೆ ಹೆಸರು ಸೇರಿಸಿದವರು ಯಾರು, ಯಾವ ಕೇಸ್‌ಗೆ, ಯಾವಾಗ ತೆಗೆಯಬೇಕು ಅನ್ನೋದು ಪ್ರತಿ ಫೋಟೋ ಜೊತೆ ಇರಬೇಕು.
>
> ಮೂರನೇ ಪಟ್ಟಿಯ ವಿಷಯ ಬೇರೆ. ಅದರಲ್ಲಿ ಒಬ್ಬರ ಮೇಲೂ ಕೇಸ್ ಸಂಖ್ಯೆ ಇಲ್ಲ. ಯಾವ ಆದೇಶದ ಮೇಲೆ ಇದನ್ನು ಕೊಟ್ಟಿದ್ದಾರೆ ಅಂತ ಗಿರಾಕಿಯನ್ನು ಕೇಳಿ ತಿಳಿಸಿ. ಆದೇಶ ಬಂದರೂ ಆ ಪಟ್ಟಿಯನ್ನು ಸಿಸ್ಟಮ್‌ಗೆ ಹಾಕುವ ಕೆಲಸ ನಾನು ಮಾಡಲಾರೆ. ಬೇರೆ ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ. ಈ ಒಂದು ವಿಷಯದಲ್ಲಿ ನನ್ನ ನಿಲುವು ಬದಲಾಗುವುದಿಲ್ಲ ಅಂತ ಮೊದಲೇ ತಿಳಿಸುವುದು ಸರಿ ಅನ್ನಿಸಿತು.

ಕೆ.ಬಿ. ಬಡಾವಣೆ

ಇದನ್ನು ನಾನು ಫಾರ್ವರ್ಡ್ ಮಾಡುತ್ತೇನೆ. "ಮಾಡಲಾರೆ" ಅನ್ನೋ ಸಾಲು ಇರಲಿ. ಮೊದಲೇ ಗೊತ್ತಿದ್ದರೆ ಬೇರೆಯವರಿಗೆ ಕೆಲಸ ಹಂಚಬಹುದು.

ಜಗಳೂರು ಹಾದಿ

ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಮ್ಯಾನೇಜರ್ ಸರ್ ಹೇಳಿದ್ದೇ ನನಗೆ ಚುಚ್ಚುತ್ತಿದೆ. ಬೇರೆಯವರಿಗೆ ಹಂಚಿದರೆ ಪಟ್ಟಿ ಹೇಗಿದ್ದರೂ ಒಳಗೆ ಹೋಯಿತಲ್ಲ? ಇನ್ನೊಂದು. ಮೊದಲ ಪತ್ರ "ಬೇಡ" ಅಂತ ಹೇಳುತ್ತಿತ್ತು. ಎರಡನೆಯದು "ಚೆನ್ನಾಗಿ ಮಾಡಿ" ಅನ್ನುತ್ತದೆ. ಇವರು ಹೇಳಿದಂತೆ ಕ್ಯಾಮೆರಾ ಗೇಟಿಗೆ ಬಂತು, 40 ಪಿಕ್ಸೆಲ್ ಸಿಕ್ಕಿತು, ತಪ್ಪು ಕಡಿಮೆ ಆಯಿತು ಅಂತ ಇಟ್ಟುಕೊಳ್ಳಿ. ಆಗ ಧರಣಿ ಕೂತವರನ್ನು ಅದು ಇನ್ನೂ ಸರಿಯಾಗಿ ಹಿಡಿಯುತ್ತದೆ. ರೈತ ಸಂಘದ ನಮ್ಮ ಮಾವನಿಗೆ ತಪ್ಪಾಗಿ ಹಿಡಿದರೆಷ್ಟು, ಸರಿಯಾಗಿ ಹಿಡಿದರೆಷ್ಟು?

ಕೋಟೆ ಹುಡುಗಿ

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತಪ್ಪಿನ ಲೆಕ್ಕ ಇವತ್ತಿನ ಈ ಸಿಸ್ಟಮ್ ತಡೆಯೋಕೆ ಸಾಕು. ಮೂರು ವರ್ಷದ ನಂತರ ಬರೋ ಸಿಸ್ಟಮ್‌ಗೆ ಸಾಲದು. ಅದಕ್ಕೇ ಅಳಿಸುವ ವಿಷಯಕ್ಕೂ ಪಟ್ಟಿಯ ವಿಷಯಕ್ಕೂ ತಪ್ಪಿನ ಲೆಕ್ಕವನ್ನು ಆಧಾರ ಮಾಡಬೇಡಿ ಅನ್ನುತ್ತೇನೆ. ನೂರಕ್ಕೆ ನೂರು ಸರಿ ಹಿಡಿದರೂ ಅವೆರಡೂ ಬೇಡ ಅಂತ ಬೇರೆಯಾಗಿ ಬರೆಯಬೇಕು.

ವಿನೋಬನಗರ

ಜಗಳೂರಿನವರೇ, ನೀವು ಹೇಳಿದ್ದು ಸರಿ. ಮೂರನೇ ಪಟ್ಟಿಯ ಪ್ಯಾರಾದಲ್ಲಿ ಒಂದು ಸಾಲು ಸೇರಿಸಿದೆ: "ಈ ಆಕ್ಷೇಪಣೆ ಸಿಸ್ಟಮ್ ತಪ್ಪು ಮಾಡುತ್ತದೆ ಅನ್ನೋ ಕಾರಣಕ್ಕಲ್ಲ. ಒಂದೂ ತಪ್ಪಿಲ್ಲದೆ ಹಿಡಿದರೂ ಇದೇ ಆಕ್ಷೇಪಣೆ ಇರುತ್ತದೆ." ಬೇರೆಯವರ ಕೈಯಿಂದ ಆ ಕೆಲಸ ಆಗೋದನ್ನು ನಾನೊಬ್ಬನೇ ತಡೆಯಲಾರೆ. ಟೀಮಿನ ಇನ್ನಿಬ್ಬರಿಗೆ ಪತ್ರ ತೋರಿಸಿದ್ದೇನೆ. ಒಬ್ಬಳು ತಾನೂ ಸಹಿ ಹಾಕುತ್ತೇನೆ ಅಂದಳು. ಇನ್ನೊಬ್ಬನಿಗೆ ಮನೆ ಸಾಲ ಇದೆ, ಅವನನ್ನು ನಾನು ಒತ್ತಾಯ ಮಾಡಿಲ್ಲ.

ಇವತ್ತು ಬೆಳಗ್ಗೆ ಇಬ್ಬರ ಹೆಸರಲ್ಲಿ ಕಳಿಸಿದೆವು. ಮಧ್ಯಾಹ್ನ ಮ್ಯಾನೇಜರ್ ಫೋನ್ ಮಾಡಿದರು. ಕೆಂಪು ಪದ ಇವತ್ತೇ ತೆಗೆಯುತ್ತೇನೆ ಅಂದರು. ಒಂದು ವಾರದ ಎಣಿಕೆಗೂ ಒಪ್ಪಿದರು, ತಮ್ಮ ಫೋಟೋ ಮೊದಲು ಹಾಕಿ ಅಂತಲೂ ಹೇಳಿದರು. ಅಳಿಸುವ ವಿಷಯ ಒಪ್ಪಂದದಲ್ಲಿದೆ, ಮೇಲಿನವರನ್ನು ಕೇಳಬೇಕು ಅಂದರು. ಮೂರನೇ ಪಟ್ಟಿಯ ಬಗ್ಗೆ ಮಾತೇ ಆಡಲಿಲ್ಲ. ನಾನೇ ಕೇಳಿದಾಗ "ಅದನ್ನು ಫೋನಿನಲ್ಲಿ ಬೇಡ, ಬರೆದು ತಿಳಿಸ್ತೀನಿ" ಅಂದರು.

ಹರಿಹರದ ವಕೀಲ

ಬರೆದು ತಿಳಿಸಲಿ, ಒಳ್ಳೇದೇ. ಫೋನಿನಲ್ಲಿ ಒಪ್ಪಿದ ಎರಡನ್ನು ಮಾತ್ರ ನೀವು ಇವತ್ತೇ ಒಂದು ಮೇಲ್‌ನಲ್ಲಿ ಬರೆದು ಅವರಿಗೆ ಕಳಿಸಿಬಿಡಿ.